ಪದ್ಧತಿ ಬದಲಿಸಿದಿರಿ ಸರಿ, ಹಳೆಯ ಸವಕಳಿಯನ್ನೇಕೆ ಕೆದಕುತ್ತೀರಿ?

ಇಳಿಕೆ ಶಿಲ್ಕಿನ ಪದ್ಧತಿಯಿಂದ, ಅಂದರೆ ಡಬ್ಲ್ಯುಡಿವಿಯಿಂದ, ಸ್ಥಿರ ಕಂತಿನ ಎಸ್‌ಎಲ್‌ಎಂಗೆ ಬದಲಾಗುವ ಕಂಪನಿಗಳ ಲೆಕ್ಕದಲ್ಲಿ ಒಂದೇ ತಪ್ಪು ಪ್ರತಿವರ್ಷ ನನ್ನ ಮೇಜಿಗೆ ಬರುತ್ತದೆ. ಯಂತ್ರವನ್ನು ಕೊಂಡ ದಿನದಿಂದಲೇ ಹೊಸ ಪದ್ಧತಿಯಂತೆ ಸವಕಳಿ ಲೆಕ್ಕ ಹಾಕಿ, ಈಗಾಗಲೇ ಹೆಚ್ಚಾಗಿ ಬರೆದಿರುವ ಮೊತ್ತವನ್ನು ಈ ವರ್ಷದ ಲಾಭಕ್ಕೆ ಸೇರಿಸಿರುತ್ತಾರೆ. ಹಳೆಯ ಲೆಕ್ಕಿಗರನ್ನು ಪೂರ್ತಿ ದೂರುವಂತಿಲ್ಲ, ಏಕೆಂದರೆ ಲೆಕ್ಕಪತ್ರ ಮಾನಕ 6 ಇದ್ದ ಕಾಲದಲ್ಲಿ ಹಾಗೆಯೇ ಮಾಡಬೇಕಿತ್ತು. 2016ರಲ್ಲಿ ಅದರ ಜಾಗಕ್ಕೆ ಪರಿಷ್ಕೃತ ಮಾನಕ 10 ಬಂದ ಮೇಲೆ, ಪದ್ಧತಿಯ ಬದಲಾವಣೆಯನ್ನು ಅಂದಾಜಿನ ಬದಲಾವಣೆ ಎಂದೇ ಪರಿಗಣಿಸಬೇಕು. ಅದರ ಪರಿಣಾಮ ಬದಲಿಸಿದ ವರ್ಷದಿಂದ ಮುಂದಕ್ಕೆ ಮಾತ್ರ.

ಮಂಡ್ಯದ ಕಡೆ ಬೆಲ್ಲದ ಪುಡಿ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಉದಾಹರಣೆಯನ್ನು ನೋಡೋಣ. ಅಂಕಿಗಳನ್ನು ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ಕಬ್ಬು ಅರೆಯುವ ಗಾಣ 2021ರ ಅಕ್ಟೋಬರ್ 1ರಂದು ಬಳಕೆಗೆ ಸಿದ್ಧವಾಯಿತು. ಅದರ ಬೆಲೆ 10,00,000 ರೂಪಾಯಿ, ಆಯಸ್ಸು 15 ವರ್ಷ, ಕೊನೆಗೆ ಉಳಿಯುವ ಮೌಲ್ಯ 50,000 ರೂಪಾಯಿ, ಡಬ್ಲ್ಯುಡಿವಿ ದರ ಶೇ 18.10. ಮೊದಲ ವರ್ಷ ಆರೇ ತಿಂಗಳು ಸಿಕ್ಕಿದ್ದರಿಂದ ಸವಕಳಿ 90,500 ರೂಪಾಯಿ. ಮುಂದಿನ ಎರಡು ವರ್ಷ 1,64,620 ಮತ್ತು 1,34,823 ರೂಪಾಯಿ. ಹೀಗೆ 2024ರ ಮಾರ್ಚ್ 31ಕ್ಕೆ ಪುಸ್ತಕದಲ್ಲಿ ಉಳಿದ ಶಿಲ್ಕು 6,10,057 ರೂಪಾಯಿ. ಮರುದಿನದಿಂದ ಎಸ್‌ಎಲ್‌ಎಂ.

ಇಲ್ಲಿಂದ ಮುಂದೆ ಬೇಕಾಗುವುದು ಈ ಶಿಲ್ಕು, ಉಳಿಕೆ ಮೌಲ್ಯ ಮತ್ತು ಬಾಕಿ ಆಯಸ್ಸು, ಅಷ್ಟೇ. ಶಿಲ್ಕಿನಲ್ಲಿ 50,000 ಕಳೆದರೆ 5,60,057. ಇದನ್ನು ಎಷ್ಟರಿಂದ ಭಾಗಿಸಬೇಕು ಎಂಬಲ್ಲೇ ಎಲ್ಲರೂ ಎಡವುವುದು. ಆ ಕಂಪನಿಯ ಮಾಲೀಕರು ನನ್ನೊಡನೆ ವಾದಕ್ಕೇ ಇಳಿದಿದ್ದರು: “ಮೂರು ಬ್ಯಾಲೆನ್ಸ್ ಶೀಟ್ ಆಗದೆ ಸಾರ್, ಹನ್ನೆರಡು ವರ್ಷ ತಾನೆ ಉಳಿದಿರದು?” ಆದಾಯ ತೆರಿಗೆಯಲ್ಲಿ ಮೊದಲ ವರ್ಷವೇ ಪೂರ್ತಿ ದರ ಸಿಕ್ಕಿತ್ತಲ್ಲ ಎಂಬುದು ಅವರ ಆಧಾರ. ಸಿಕ್ಕಿದ್ದು ನಿಜ: ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ದಿನ, ತೆರಿಗೆಯಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮಾತ್ರ ಅರ್ಧ ದರ. ಆದರೆ ಅದು ತೆರಿಗೆಯ ಲೆಕ್ಕ, ಕಂಪನಿಯ ಪುಸ್ತಕಕ್ಕೂ ಅದಕ್ಕೂ ಸಂಬಂಧವಿಲ್ಲ. ಪುಸ್ತಕದ ಪ್ರಕಾರ ಗಾಣಕ್ಕೆ ಎರಡೂವರೆ ವರ್ಷ ತುಂಬಿದೆ, ಹನ್ನೆರಡೂವರೆ ವರ್ಷ ಬಾಕಿ ಇದೆ. ಆದ್ದರಿಂದ ವಾರ್ಷಿಕ ಸವಕಳಿ ಸುಮಾರು 44,805 ರೂಪಾಯಿ. ಹನ್ನೆರಡು ವರ್ಷ ಇದೇ ಮೊತ್ತ ನಡೆದು, 2036ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕೊನೆಯ ಆರು ತಿಂಗಳಿಗೆ ಸುಮಾರು 22,402 ರೂಪಾಯಿ ಬಂದು, ಪುಸ್ತಕದಲ್ಲಿ 50,000 ಉಳಿಯುತ್ತದೆ. ಮೊದಲ ವರ್ಷ ಬಿಟ್ಟ ಅರ್ಧ ವರ್ಷ ಕೊನೆಯ ವರ್ಷದಲ್ಲಿ ಬಂದೇ ತೀರಬೇಕು. ಅದು ಬರದಿದ್ದರೆ ಭಾಗಿಸಿದ ಸಂಖ್ಯೆ ತಪ್ಪಿದೆ ಎಂದು ತಿಳಿಯಿರಿ.

ತಪ್ಪಾಗಿ ಮಾಡಿದ್ದರೆ ಏನಾಗುತ್ತಿತ್ತು? ಮೂಲ ಬೆಲೆಯ ಮೇಲೆ ಎಸ್‌ಎಲ್‌ಎಂ ಹಾಕಿದರೆ ವರ್ಷಕ್ಕೆ 63,333 ರೂಪಾಯಿ; ಎರಡೂವರೆ ವರ್ಷಕ್ಕೆ 1,58,333. ಬರೆದದ್ದು 3,89,943. ವ್ಯತ್ಯಾಸದ 2,31,610 ರೂಪಾಯಿಯನ್ನು ಕಂಪನಿಯ ಲೆಕ್ಕಿಗ ಆಗಲೇ ಲಾಭಕ್ಕೆ ಸೇರಿಸಿದ್ದರು, ಮಾಲೀಕರು ಅದನ್ನು ಬ್ಯಾಂಕಿಗೂ ತೋರಿಸಿದ್ದರು. ಅದನ್ನು ತೆಗೆಸುವಾಗ ಅವರ ಮುಖ ನೋಡಿ ನನಗೂ ಬೇಸರವಾಯಿತು, ಆದರೆ ಆ ಲಾಭ ಇರಲೇ ಇಲ್ಲ. ಇನ್ನು ಕೆಲವರು ಹಿಂದಿನದನ್ನು ಮುಟ್ಟದೆ, 6,10,057ರ ಶಿಲ್ಕಿನಿಂದಲೇ ವರ್ಷಕ್ಕೆ 63,333 ಕಳೆಯುತ್ತಾ ಹೋಗುತ್ತಾರೆ; ಆಗ ಗಾಣ ಇನ್ನೂ ಓಡುತ್ತಿರುವಾಗಲೇ, ಒಂಬತ್ತು ವರ್ಷದೊಳಗೆ ಸವಕಳಿ ಮುಗಿದುಹೋಗುತ್ತದೆ.

ಬದಲಾವಣೆಗೆ ಕಾರಣವೂ ಇರಬೇಕು. ಯಂತ್ರದಿಂದ ಸಿಗುವ ಪ್ರಯೋಜನ ಸಮನಾಗಿ ಹಂಚಿಕೆಯಾಗುತ್ತದೆ ಎಂದು ನಿರ್ದೇಶಕರು ಆಧಾರಸಹಿತ ಹೇಳಬಲ್ಲವರಾಗಿರಬೇಕು. ಸಾಲದ ಅರ್ಜಿ ಕಾರಣವಾಗಲಾರದು. 2024-25ಕ್ಕೆ ಡಬ್ಲ್ಯುಡಿವಿಯೇ ಮುಂದುವರಿದಿದ್ದರೆ ಸವಕಳಿ 1,10,420 ರೂಪಾಯಿ ಆಗುತ್ತಿತ್ತು. ಆದ್ದರಿಂದ ತೆರಿಗೆಗೆ ಮುಂಚಿನ ಲಾಭ 65,615 ರೂಪಾಯಿ ಹೆಚ್ಚಿದೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಲೇಬೇಕು. ಆಯಸ್ಸಿನ ಅಂದಾಜು 15 ವರ್ಷವೇ ಉಳಿದಿದೆ, ಒಂದೇ ಪಾಳಿಯಲ್ಲಿ ಕೆಲಸ ನಡೆದಿದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಅದು ಬೇರೆಯಾಗಿದ್ದರೆ ನಿಮ್ಮ ಆಡಿಟರನ್ನು ಕೇಳಿ.

ಇದೇ ಕಂಪನಿ 2023ರ ಜನವರಿ 1ರಂದು ಪ್ಯಾಕಿಂಗ್ ಯಂತ್ರವನ್ನೂ ಕೊಂಡಿತ್ತು. ಅದರ ಆಯಸ್ಸೂ 15 ವರ್ಷವೇ ಆದರೂ ಬಾಕಿ ಹದಿಮೂರು ವರ್ಷ ಒಂಬತ್ತು ತಿಂಗಳು. ಅದನ್ನು ಗಾಣದೊಡನೆ ಸೇರಿಸಿ ಹನ್ನೆರಡೂವರೆಯಿಂದ ಭಾಗಿಸುವಂತಿಲ್ಲ, ರಿಜಿಸ್ಟರಿನಲ್ಲಿ ಅದಕ್ಕೆ ಬೇರೆ ಸಾಲೇ ಬೇಕು. ಬದಲಿಸಿದ ವರ್ಷದಲ್ಲೇ, 2024ರ ಜುಲೈ 1ರಂದು, ಬಂದ ತೂಕದ ಯಂತ್ರಕ್ಕಾದರೋ ಹಳೆಯ ಪದ್ಧತಿಯ ಸೋಂಕೇ ಇಲ್ಲ. ಮೊದಲ ವರ್ಷ ಒಂಬತ್ತು ತಿಂಗಳ ಎಸ್‌ಎಲ್‌ಎಂ ಹಾಕಿದರೆ ಆಯಿತು.