ಹಸಿರು ಕ್ಯಾಂಡಲ್, ಆದರೆ ಗೆದ್ದವರು ಯಾರು?

ಷೇರು ಬೆಲೆಯ ಚಾರ್ಟ್‌ನಲ್ಲಿ ಒಂದು ಅವಧಿಯ ಬೆಲೆ ಓಡಾಟವನ್ನು ತೋರಿಸುವ ಕಂಬವೇ ಕ್ಯಾಂಡಲ್. ಹೊಸದಾಗಿ ಚಾರ್ಟ್ ನೋಡುವವರು ಮೊದಲು ನಂಬುವುದು ಅದರ ಬಣ್ಣವನ್ನು. ಬಣ್ಣ ಹೇಳುವುದು ಒಂದೇ ಮಾತು: ಅವಧಿ ಮುಗಿದಾಗಿನ ಕ್ಲೋಸ್ ಬೆಲೆ ಅದು ಶುರುವಾದಾಗಿನ ಓಪನ್‌ಗಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಯಾರ ಕೈ ಎಷ್ಟು ಮೇಲಾಗಿತ್ತು ಎನ್ನುವುದು ಕ್ಯಾಂಡಲ್‌ನ ದಪ್ಪ ಭಾಗವಾದ ಬಾಡಿ ಮತ್ತು ತೆಳುಗೆರೆಗಳಾದ ವಿಕ್‌ಗಳ ಅಳತೆಯಲ್ಲಿದೆ.

ಲೆಕ್ಕಕ್ಕೆಂದು ಒಂದು ಷೇರಿನ ದಿನದ ಕ್ಯಾಂಡಲ್ ಇಟ್ಟುಕೊಳ್ಳೋಣ. ಬೆಳಿಗ್ಗೆ 9:15ಕ್ಕೆ 500 ರೂಪಾಯಿಗೆ ಶುರು. ದಿನದಲ್ಲಿ ಕಂಡ ಅತಿ ಕಡಿಮೆ ಬೆಲೆ 496, ಅತಿ ಹೆಚ್ಚು 520. ಕೊನೆಗೆ ನಿಂತದ್ದು 504ಕ್ಕೆ. ಓಪನ್ ಮತ್ತು ಕ್ಲೋಸ್ ನಡುವಿನ ದಪ್ಪ ಭಾಗವೇ ಬಾಡಿ, ಅಂದರೆ 4 ರೂಪಾಯಿ. 504ರಿಂದ 520ರವರೆಗಿನ ತೆಳುಗೆರೆ ಮೇಲಿನ ವಿಕ್, 16 ರೂಪಾಯಿ. 500ರಿಂದ 496ರವರೆಗಿನದು ಕೆಳಗಿನ ವಿಕ್, 4 ರೂಪಾಯಿ. ಒಟ್ಟು ಓಡಾಟ 24.

ಕ್ಯಾಂಡಲ್ ಹಸಿರೇ. ಆದರೆ ಕೊಳ್ಳುವವರು 520ರವರೆಗೆ ಎತ್ತಿದ್ದರಲ್ಲಿ 16 ರೂಪಾಯಿಯನ್ನು ಮಾರುವವರು ಕಿತ್ತುಕೊಂಡಿದ್ದಾರೆ. ಬಾಡಿ ಒಟ್ಟು ಓಡಾಟದ ಆರನೇ ಒಂದು ಪಾಲು ಮಾತ್ರ. ಕ್ಲೋಸ್ ಕೆಳಗಿನಿಂದ ಮೂರನೇ ಒಂದು ಭಾಗದಲ್ಲಿದೆ. ಇದನ್ನು ಕೊಳ್ಳುವವರ ದಿನ ಅನ್ನಲಾಗದು. ಅದೇ ಷೇರು 518ಕ್ಕೆ ಮುಗಿದಿದ್ದರೆ ಬಾಡಿ 18, ಮೇಲಿನ ವಿಕ್ ಬರೀ 2. ಆಗ ಹಿಡಿತ ಕೊನೆಯವರೆಗೂ ಕೊಳ್ಳುವವರದೇ. ಬಣ್ಣ ಎರಡರಲ್ಲೂ ಒಂದೇ.

ಹಾಗಾಗಿ ನಾನು ಮೊದಲು ನೋಡುವುದು ಕ್ಲೋಸ್ ಎಲ್ಲಿ ಕೂತಿದೆ ಎಂದು. ಬಾಡಿಯ ಪಾಲು ಆಮೇಲೆ, ಬಣ್ಣ ಕಡೆಗೆ. ಅಂದಹಾಗೆ, ಪ್ರತಿ ವಹಿವಾಟಿನಲ್ಲೂ ಕೊಂಡ ಷೇರು, ಮಾರಿದ ಷೇರು ಎರಡೂ ಸಮವೇ. ಬಲ ಎಂದರೆ ಸಂಖ್ಯೆಯಲ್ಲ, ಯಾರ ಅವಸರ ಬೆಲೆಯನ್ನು ಎಳೆಯಿತು ಎನ್ನುವುದು.

ತಪ್ಪು ಹೆಚ್ಚಾಗಿ ಆಗುವುದು ಗ್ಯಾಪ್ ಇದ್ದಾಗ, ಅಂದರೆ ಷೇರು ಹಿಂದಿನ ಕ್ಲೋಸ್ ಬಿಟ್ಟು ದೂರದ ಬೆಲೆಗೆ ತೆರೆದಾಗ. ಹಿಂದಿನ ದಿನ ಷೇರು 515ಕ್ಕೆ ಮುಗಿದಿತ್ತು ಅನ್ನಿ. ಇಂದು 500ಕ್ಕೆ ತೆರೆದು 504ಕ್ಕೆ ನಿಂತರೆ ಕ್ಯಾಂಡಲ್ ಹಸಿರು, ಆದರೆ ಕೈಯಲ್ಲಿ ಷೇರು ಇಟ್ಟುಕೊಂಡವರಿಗೆ 11 ರೂಪಾಯಿ ನಷ್ಟ. ಪಕ್ಕದ ಕ್ಯಾಂಡಲ್ ನೋಡದೆ ಒಂದನ್ನೇ ಓದಿದರೆ ಇದು ಕಾಣುವುದಿಲ್ಲ.

ಇನ್ನೊಂದು, ದಿನದ ಮಧ್ಯದಲ್ಲೇ ತೀರ್ಪು ಕೊಡುವುದು. ಮೇಲಿನ ಷೇರು 520ರಲ್ಲಿದ್ದ ಗಳಿಗೆಯಲ್ಲಿ ಕ್ಯಾಂಡಲ್‌ಗೆ ಮೇಲಿನ ವಿಕ್ಕೇ ಇರಲಿಲ್ಲ, ಉದ್ದನೆಯ ಹಸಿರು ಬಾಡಿ ಇತ್ತು. ಆಗ ಕೊಂಡವರು ಸಂಜೆಗೆ ಆ ವಿಕ್‌ನ ತುದಿಯಲ್ಲಿ ಸಿಕ್ಕಿಬಿದ್ದಿರುತ್ತಾರೆ. ವಹಿವಾಟು ತೀರಾ ಕಡಿಮೆಯಿರುವ ಷೇರಾದರೆ ಉದ್ದ ವಿಕ್‌ಗೂ ಬೆಲೆಯಿಲ್ಲ. ಯಾರೋ ಒಬ್ಬರು ಸಿಕ್ಕ ಬೆಲೆಗೆ ಆಗಲಿ ಎಂದು ಮಾರ್ಕೆಟ್ ಆರ್ಡರ್ ಹಾಕಿದರೂ ಅಂಥ ಗೆರೆ ಮೂಡುತ್ತದೆ. ಎಷ್ಟು ಷೇರು ಕೈಬದಲಾದವು ಎಂದು ಚಾರ್ಟ್‌ನ ಕೆಳಗೆ ತೋರಿಸುವ ವಾಲ್ಯೂಮ್ ಕಂಬ ಅಕ್ಕಪಕ್ಕದವಕ್ಕಿಂತ ಗಿಡ್ಡಗಿದ್ದರೆ ಆ ವಿಕ್ ಅನ್ನು ಬಿಟ್ಟುಬಿಡಿ.

520 ಮೊದಲು ಬಂತೋ 496 ಮೊದಲು ಬಂತೋ ಎಂಬುದನ್ನು ದಿನದ ಕ್ಯಾಂಡಲ್ ಹೇಳುವುದೇ ಇಲ್ಲ. ಅದು ಬೇಕಿದ್ದರೆ ಅದೇ ದಿನದ 15 ನಿಮಿಷದ ಚಾರ್ಟ್ ತೆರೆದು ನೋಡಬೇಕು.