ಅಮಾವಾಸ್ಯೆ ಎರಡು ದಿನ ಬಿದ್ರೆ ಲಕ್ಷ್ಮೀಪೂಜೆ ಯಾವತ್ತು?

ಪ್ರಶ್ನೆ: 2024ರ ದೀಪಾವಳಿಗೆ ನಮ್ಮನೇಲಿ ಅಕ್ಟೋಬರ್ 31ರ ಗುರುವಾರ ಸಂಜೆ ಲಕ್ಷ್ಮೀಪೂಜೆ ಮಾಡಿದ್ವಿ. ಎದುರುಮನೆಯವ್ರು ಮಾರನೇ ದಿನ, ಶುಕ್ರವಾರ ಮಾಡಿದ್ರು. ಅವರೂ ಪಂಚಾಂಗ ನೋಡೇ ಮಾಡಿದ್ದು, ನಾವೂ ಪಂಚಾಂಗ ನೋಡೇ ಮಾಡಿದ್ದು. ಒಂದೇ ರಸ್ತೆ, ಒಂದೇ ಅಮಾವಾಸ್ಯೆ, ಹಬ್ಬ ಎರಡು ದಿನ ಹೆಂಗೆ? ಯಾರದ್ದು ತಪ್ಪು?
– ಶಿವಮೊಗ್ಗದಿಂದ ಒಬ್ಬ ಓದುಗರು

ಉತ್ತರ: ಆ ವರ್ಷ ಇದೇ ಪ್ರಶ್ನೆ ನಮ್ಮನೇಲೂ ಎದ್ದಿತ್ತು, ಅತ್ತೆ ಒಂದು ದಿನ ಹೇಳೋದು, ತೀರ್ಥಹಳ್ಳಿಯಿಂದ ಅಣ್ಣ ಫೋನ್ ಮಾಡಿ ಇನ್ನೊಂದು ದಿನ ಹೇಳೋದು. ಆಮೇಲೆ ಕೂತು ಲೆಕ್ಕ ಹಾಕಿ ನೋಡಿದ್ರೆ ಇಡೀ ಗಲಾಟೆ ನಿಂತಿದ್ದು ಹದಿನಾರು ನಿಮಿಷದ ಮೇಲೆ ಮಾರಾಯ್ರೇ. ಅದನ್ನೇ ಬಿಡಿಸಿ ಹೇಳ್ತೀನಿ.

ತಿಥಿ ಅಂದ್ರೆ ನಮ್ಮ ತಾರೀಖಿನ ಥರ ರಾತ್ರಿ ಹನ್ನೆರಡಕ್ಕೆ ಬದಲಾಗೋದಲ್ಲ, ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ಮುಂದೆ ಹೋದಾಗ ಒಂದು ತಿಥಿ ಮುಗಿಯುತ್ತೆ. ಅದು ಬೆಳಿಗ್ಗೆ ಆಗಬಹುದು, ಮಧ್ಯಾಹ್ನ ಆಗಬಹುದು, ನಡುರಾತ್ರಿನೂ ಆಗಬಹುದು. ಚಂದ್ರ ಭೂಮಿಗೆ ಹತ್ತಿರ ಇದ್ದಾಗ ಜೋರಾಗಿ ಓಡ್ತಾನೆ, ದೂರ ಇದ್ದಾಗ ನಿಧಾನ. ಹಾಗಾಗಿ ಒಂದು ತಿಥಿ ಇಪ್ಪತ್ತು ಗಂಟೆಗೇ ಮುಗಿದ್ರೆ ಇನ್ನೊಂದು ಇಪ್ಪತ್ತಾರು ಗಂಟೆ ದಾಟುತ್ತೆ. 2024ರಲ್ಲಿ ದೀಪಾವಳಿ ಹೊತ್ತಿಗೆ ಚಂದ್ರ ದೂರ ಇದ್ದ, ಅಮಾವಾಸ್ಯೆ 31ನೇ ತಾರೀಖು ಮಧ್ಯಾಹ್ನ 3:52ಕ್ಕೆ ಶುರುವಾಗಿ 1ನೇ ತಾರೀಖು ಸಂಜೆ 6:16ರ ತನಕ ಎಳೀತು. ಸುಮಾರು ಇಪ್ಪತ್ತಾರೂವರೆ ಗಂಟೆ.

ಈಗ ಗೋಡೆ ಕ್ಯಾಲೆಂಡರ್ ನೋಡಿ. ಅದರ ಚೌಕದಲ್ಲಿ ಬರೆಯೋದು ಆ ದಿನ ಸೂರ್ಯ ಹುಟ್ಟೋವಾಗ ಯಾವ ತಿಥಿ ಇತ್ತೋ ಅದನ್ನ. 31ರ ಬೆಳಿಗ್ಗೆ ಇದ್ದಿದ್ದು ಚತುರ್ದಶಿ, 1ರ ಬೆಳಿಗ್ಗೆ ಅಮಾವಾಸ್ಯೆ. ಹಾಗಾಗಿ ಕ್ಯಾಲೆಂಡರ್ ನೋಡಿದವ್ರಿಗೆ ಅಮಾವಾಸ್ಯೆ ಅಂದ್ರೆ ಶುಕ್ರವಾರವೇ, ಅದರಲ್ಲಿ ಅನುಮಾನವೇ ಬರಲ್ಲ. ಶುಕ್ರವಾರ ಲಕ್ಷ್ಮಿಗೆ ಒಳ್ಳೇ ದಿನ ಬೇರೆ, ರಾಜ್ಯೋತ್ಸವದ ರಜೆ ಬೇರೆ!

ಆದ್ರೆ ಎಲ್ಲಾ ಹಬ್ಬಕ್ಕೂ ಬೆಳಗಿನ ತಿಥಿ ನಡೆಯಲ್ಲ. ಯಾವ ಪೂಜೆನ ಯಾವ ಹೊತ್ತಲ್ಲಿ ಮಾಡ್ಬೇಕೋ ಆ ಹೊತ್ತಲ್ಲಿ ತಿಥಿ ಇರ್ಬೇಕು, ಅದಕ್ಕೆ ಕರ್ಮಕಾಲ ಅಂತಾರೆ. ಗಣೇಶ ಚೌತಿಗೆ ಮಧ್ಯಾಹ್ನ, ಶಿವರಾತ್ರಿಗೆ ನಡುರಾತ್ರಿ, ಲಕ್ಷ್ಮೀಪೂಜೆಗೆ ಪ್ರದೋಷ, ಅಂದ್ರೆ ಹೊತ್ತು ಮುಳುಗಿದ ಮೇಲಿನ ಸಮಯ. 31ರ ಸಂಜೆ ಪ್ರದೋಷ ಪೂರ್ತಿ ಅಮಾವಾಸ್ಯೆ ಇತ್ತು, ನೀವು ಮಾಡಿದ್ದು ಈ ಲೆಕ್ಕದಲ್ಲಿ.

ಹಂಗಿದ್ರೆ ಎದುರುಮನೆಯವ್ರದ್ದು ಸುಮ್ನೆ ಕ್ಯಾಲೆಂಡರ್ ನೋಡಿ ಆದ ತಪ್ಪಾ ಅಂದ್ರೆ, ಹಂಗೂ ಹೇಳೋಕಾಗಲ್ಲ. ಯಾಕಂದ್ರೆ 1ನೇ ತಾರೀಖು ಸಂಜೆನೂ ಅಮಾವಾಸ್ಯೆ ಪ್ರದೋಷನ ಸ್ವಲ್ಪ ಮುಟ್ಟಿತ್ತು. ಎರಡೂ ಸಂಜೆ ಮುಟ್ಟಿದಾಗ ಎಂತ ಮಾಡೋದು? ಇದಕ್ಕೆ ಧರ್ಮಸಿಂಧುವಲ್ಲಿ ಒಂದು ಮಾತಿದೆ: ಎರಡನೇ ದಿನ ಸೂರ್ಯೋದಯದಿಂದ ಇದ್ದು, ಸೂರ್ಯ ಮುಳುಗಿದ ಮೇಲೂ ಒಂದು ಘಳಿಗೆಗಿಂತ ಜಾಸ್ತಿ ಅಮಾವಾಸ್ಯೆ ಇದ್ರೆ ಸಂದೇಹವೇ ಇಲ್ಲ, ಎರಡನೇ ದಿನವೇ ಹಬ್ಬ. ಒಂದು ಘಳಿಗೆ ಅಂದ್ರೆ 24 ನಿಮಿಷ. ಅದಕ್ಕಿಂತ ಕಮ್ಮಿ ಇದ್ರೆ? ಅಲ್ಲೇ ಜಗಳ ಶುರು. ಒಂದು ಚೂರು ಮುಟ್ಟಿದ್ರೂ ಸಾಕು ಅನ್ನೋರು ಇದ್ದಾರೆ, ಘಳಿಗೆ ತುಂಬಲಿಲ್ಲ ಅಂದ್ರೆ ಹಿಂದಿನ ದಿನವೇ ಅನ್ನೋರೂ ಇದ್ದಾರೆ.

ಇನ್ನು ಮಜಾ ಇರೋದು ಊರಿನ ವಿಷಯದಲ್ಲಿ. ಅಮಾವಾಸ್ಯೆ ಮುಗಿಯೋ ಕ್ಷಣ ಇಡೀ ದೇಶಕ್ಕೆ ಒಂದೇ, 6:16. ಹೊತ್ತು ಮುಳುಗೋದು ಮಾತ್ರ ಊರೂರಿಗೂ ಬೇರೆ, ಪೂರ್ವದಲ್ಲಿ ಬೇಗ, ಪಶ್ಚಿಮದಲ್ಲಿ ತಡ. ಅವತ್ತು ಚೆನ್ನೈಲಿ ಸುಮಾರು 5:42ಕ್ಕೆ ಸೂರ್ಯಾಸ್ತ, ಅಂದ್ರೆ ಆಮೇಲೆ 34 ನಿಮಿಷ ಅಮಾವಾಸ್ಯೆ, ಘಳಿಗೆ ಆರಾಮಾಗಿ ತುಂಬ್ತು. ಬೆಂಗಳೂರಲ್ಲಿ 5:53, ಉಳಿದಿದ್ದು 23 ನಿಮಿಷ, ಒಂದೇ ಒಂದು ನಿಮಿಷ ಕಮ್ಮಿ ನೋಡಿ! ನಮ್ಮ ಶಿವಮೊಗ್ಗದಲ್ಲಿ ಹೆಚ್ಚುಕಮ್ಮಿ ಆರು ಗಂಟೆಗೆ, ಉಳಿದಿದ್ದು 16 ನಿಮಿಷ. ಅಂದ್ರೆ ಚೆನ್ನೈಗೆ ಲೆಕ್ಕ ಹಾಕಿದ ಕ್ಯಾಲೆಂಡರ್ರೋ, ಲೊಕೇಶನ್ ದೆಹಲಿಗೆ ಸೆಟ್ ಆಗಿರೋ ಮೊಬೈಲ್ ಆ್ಯಪೋ ನೋಡಿದವ್ರಿಗೆ ಶುಕ್ರವಾರ ಅಂತ ಬಂದಿದ್ರೆ ಅದು ಆ ಊರಿಗೆ ಸರಿ, ಅದನ್ನ ತುಂಗಾ ದಡಕ್ಕೆ ತಂದು ಹಾಕಿದ್ರೆ ಘಳಿಗೆ ಲೆಕ್ಕ ತಪ್ಪುತ್ತೆ.

ಪಂಚಾಂಗ ಓದೋಕೆ ಬಂದ್ರೆ ಇದನ್ನ ಗಡಿಯಾರ ಇಲ್ದೇನೂ ನೋಡಬಹುದು. ತಿಥಿ ಮುಂದೆ ಇರೋ ಎರಡು ಅಂಕಿ, ಸೂರ್ಯೋದಯದಿಂದ ಎಷ್ಟು ಘಳಿಗೆ ಎಷ್ಟು ವಿಘಳಿಗೆ ತನಕ ಆ ತಿಥಿ ಇದೆ ಅನ್ನೋದು. ಇನ್ನೊಂದು ಕಡೆ ದಿನಮಾನ ಅಂತ ಇರುತ್ತೆ, ಅದು ಹಗಲಿನ ಉದ್ದ. ಅವತ್ತು ನಮ್ಮೂರಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ್ರೆ ಅಮಾವಾಸ್ಯೆ 29 ಘಳಿಗೆ 45 ವಿಘಳಿಗೆ, ದಿನಮಾನ 29 ಘಳಿಗೆ 5 ವಿಘಳಿಗೆ. ಕಳೀರಿ, ಉಳಿದಿದ್ದು 40 ವಿಘಳಿಗೆ. ಅರವತ್ತು ವಿಘಳಿಗೆ ಆದ್ರೆ ಒಂದು ಘಳಿಗೆ, ಇಲ್ಲಿ ಅಷ್ಟು ಇಲ್ಲ, ಮುಗೀತು. ಆದ್ರೆ ಪಂಚಾಂಗದ ಮುಖಪುಟದ ಒಳಗೆ ಯಾವ ಊರಿನ ಅಕ್ಷಾಂಶ ರೇಖಾಂಶಕ್ಕೆ ಮಾಡಿದ್ದು ಅಂತ ಮೊದ್ಲು ನೋಡ್ಕೊಳ್ಳಿ.

ಇದೆಲ್ಲ ಆದ್ಮೇಲೂ ಒಂದು ಉಳಿಯುತ್ತೆ. ನಾನು ಮೇಲೆ ಕೊಟ್ಟ 6:16 ದೃಗ್ಗಣಿತದ್ದು, ಅಂದ್ರೆ ಈಗಿನ ಖಗೋಳ ಲೆಕ್ಕಕ್ಕೆ, ಆಕಾಶದಲ್ಲಿ ಚಂದ್ರ ನಿಜವಾಗಿ ಎಲ್ಲಿದ್ದಾನೋ ಅದಕ್ಕೆ ಹೊಂದೋದು. ಸೂರ್ಯಸಿದ್ಧಾಂತದ ಹಳೇ ಕ್ರಮದಲ್ಲೇ ಮಾಡೋ ಪಂಚಾಂಗಗಳೂ ಇವೆ, ಅವುಗಳಲ್ಲಿ ಚಂದ್ರನ ಗತಿಗೆ ಹಾಕೋ ತಿದ್ದುಪಡಿ ಕಮ್ಮಿ, ಹಾಗಾಗಿ ತಿಥಿ ಮುಗಿಯೋ ಹೊತ್ತು ಕೆಲವೊಮ್ಮೆ ಗಂಟೆಗಟ್ಟಲೆ ಆಚೀಚೆ ಆಗುತ್ತೆ. ಬೇರೆ ಸಮಯದಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ, ಆದ್ರೆ ಹದಿನಾರು ನಿಮಿಷದ ಮೇಲೆ ಹಬ್ಬ ನಿಂತಾಗ ಗಂಟೆ ಬೇಡ, ಕಾಲುಗಂಟೆ ಸಾಕು. ಎದುರುಮನೆಯವ್ರು ಯಾವ ಮಠದ ಪಂಚಾಂಗ ಇಟ್ಕೊಂಡಿದ್ದಾರೆ ಅಂತ ಒಂದ್ಸಲ ಕೇಳಿ ನೋಡಿ. ಮಠದ ಶಿಷ್ಯರು ಮಠದ ಪಂಚಾಂಗ ಬಿಟ್ಟು ಬೇರೇದು ನೋಡಲ್ಲ, ಅದು ಅವರ ಮನೆ ಪದ್ಧತಿ, ಅದನ್ನ ತಪ್ಪು ಅನ್ನೋಕೆ ನಾನು ಹೋಗಲ್ಲ. ಆ್ಯಪ್ ನೋಡಿ ಮಾಡಿದ್ರೆ ಮಾತ್ರ ಲೊಕೇಶನ್ ಚೆಕ್ ಮಾಡಿ ಅಂತ ಹೇಳಬಹುದು, ಬೇಜಾರಾಗದ ಹಾಗೆ.

ಅಂದಹಾಗೆ ಆ ವರ್ಷ ಎಣ್ಣೆಸ್ನಾನಕ್ಕೂ ಗೋಪೂಜೆಗೂ ಯಾಕೆ ಜಗಳ ಬರ್ಲಿಲ್ಲ ಅಂದ್ರೆ, ಚತುರ್ದಶಿ 31ರ ನಸುಕಲ್ಲಿ ಮಾತ್ರ ಇತ್ತು, ಪಾಡ್ಯ 2ನೇ ತಾರೀಖಿನ ಬೆಳಿಗ್ಗೆಗೆ ಮಾತ್ರ ಸಿಕ್ತು, ಬೇರೆ ಆಯ್ಕೆನೇ ಇರಲಿಲ್ಲ. ಹಾಗಾಗಿ ಗುರುವಾರ ಪೂಜೆ ಮಾಡಿದವ್ರಿಗೆ ಶುಕ್ರವಾರ ಖಾಲಿ, ಕೊಟ್ಟಿಗೆ ತೊಳೆಯೋಕೆ ಹೂವಿನ ಮಾಲೆ ಕಟ್ಟೋಕೆ ಆರಾಮಾಗಿ ಟೈಮ್ ಸಿಕ್ತು. 2025ರಲ್ಲೂ ಅಮಾವಾಸ್ಯೆ ಎರಡು ತಾರೀಖಿಗೆ ಹರಡಿತ್ತು, ಅಕ್ಟೋಬರ್ 20ರ ಮಧ್ಯಾಹ್ನ 3:44ರಿಂದ 21ರ ಸಂಜೆ 5:54ರ ತನಕ. ಚೆನ್ನೈಲಿ ಸೂರ್ಯಾಸ್ತ ಆದ್ಮೇಲೆ ಅದು ಕೆಲವು ನಿಮಿಷ ಉಳೀತು, ನಮ್ಮಲ್ಲಿ ಸೂರ್ಯ ಇನ್ನೂ ಮೇಲಿರೋವಾಗ್ಲೇ ಮುಗಿದಿತ್ತು, ಸುಮಾರು ಹತ್ತು ನಿಮಿಷ ಮುಂಚೆ.