ಪೆಂಟಿಯಂ ಪಕ್ಕದಲ್ಲಿ ಸೆಲೆರಾನ್: ಅಗ್ಗದ ಬ್ರ್ಯಾಂಡಿಗೆ ಬೇಲಿ ಎಲ್ಲಿ ಹಾಕಬೇಕು?

1998ರ ಏಪ್ರಿಲ್‌ನಲ್ಲಿ ಇಂಟೆಲ್ ಕಂಪನಿ ಸೆಲೆರಾನ್ ಎಂಬ ಹೊಸ ಹೆಸರಿನ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ವೇಗ 266 ಮೆಗಾಹರ್ಟ್ಸ್. ತಿರುಳು ಮಾತ್ರ ಅದೇ ಕಂಪನಿಯ ದುಬಾರಿ ಪೆಂಟಿಯಂ 2ರದ್ದೇ. ಅಮೆರಿಕದಲ್ಲಿ ಆಗ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಕಂಪ್ಯೂಟರುಗಳಿಗೆ ಬೇಡಿಕೆ ಬಂದಿತ್ತು, ಅವುಗಳ ಒಳಗೆ ಎದುರಾಳಿ ಕಂಪನಿ ಎಎಂಡಿಯ ಕೆ6ನಂಥ ಅಗ್ಗದ ಚಿಪ್ಪುಗಳು ಕೂರುತ್ತಿದ್ದವು. ಇಂಟೆಲ್‌ನದು ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಕೆಳಗಿನ ಮಾರುಕಟ್ಟೆ ಪೂರ್ತಿ ಎದುರಾಳಿಯ ಪಾಲಾಗುತ್ತದೆ. ಪೆಂಟಿಯಂನ ಬೆಲೆಯನ್ನೇ ಇಳಿಸಿದರೆ, ಹೆಚ್ಚು ಕೊಡಲು ಸಿದ್ಧರಿರುವ ಗಿರಾಕಿಗೂ ರಿಯಾಯಿತಿ ಕೊಟ್ಟಂತಾಗುತ್ತದೆ. ಮೇಲಾಗಿ, ಒಮ್ಮೆ ಇಳಿದ ಬೆಲೆಯನ್ನು ಮತ್ತೆ ಏರಿಸುವುದು ಬಹಳ ಕಷ್ಟ.

ಹೀಗೆ ಸಿಕ್ಕಿಕೊಂಡ ಕಂಪನಿಗಳು ಬೇರೆ ಹೆಸರಿನಲ್ಲಿ ಅಗ್ಗದ ಸರಕೊಂದನ್ನು ತಂದು ತಮ್ಮ ಮುಖ್ಯ ಬ್ರ್ಯಾಂಡಿನ ಪಕ್ಕ ಕಾವಲಿಗೆ ನಿಲ್ಲಿಸುತ್ತವೆ. ಮಾರ್ಕೆಟಿಂಗ್‌ನವರು ಇದನ್ನು ಫ್ಲ್ಯಾಂಕರ್ ಬ್ರ್ಯಾಂಡ್ ಎನ್ನುತ್ತಾರೆ. ಯೋಚನೆ ಸರಳ. ಆದರೆ ಕಾವಲಿಗೆ ಬಂದದ್ದೇ ಯಜಮಾನನ ಅನ್ನಕ್ಕೆ ಕೈಹಾಕುವ ಅಪಾಯ ಸದಾ ಇರುತ್ತದೆ. ದುಬಾರಿ ಸರಕು ಕೊಳ್ಳಬೇಕಿದ್ದವರು ಅಗ್ಗದ್ದಕ್ಕೆ ಇಳಿದುಬಿಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಎರಡರಲ್ಲೂ ಇರುವುದು ಒಂದೇ ಎಂಬ ಮಾತು ಹರಡಿ ದುಬಾರಿ ಸರಕಿನ ಬೆಲೆಗಿದ್ದ ಸಮರ್ಥನೆಯೇ ಹೋಗಿಬಿಡಬಹುದು. ಸೆಲೆರಾನ್ ಈ ಎರಡು ಕಷ್ಟಗಳನ್ನೂ ಒಂದೇ ವರ್ಷದೊಳಗೆ ಕಂಡಿತು. ಅದಕ್ಕಾಗಿಯೇ ನನಗೆ ಈ ಉದಾಹರಣೆ ಬೇರೆಲ್ಲಕ್ಕಿಂತ ಮುಖ್ಯವೆನಿಸುತ್ತದೆ.

ಮೊದಲು ಹಿಂದಿರುವ ಲೆಕ್ಕವನ್ನು ನೋಡೋಣ. ಮಾರುಕಟ್ಟೆಯಲ್ಲಿ ಎರಡು ಬಗೆಯ ಗಿರಾಕಿಗಳಿದ್ದಾರೆ ಎಂದುಕೊಳ್ಳಿ. ಒಬ್ಬ ಭಾರೀ ಬಳಕೆದಾರ, ಅವನಿಗೆ ದುಬಾರಿ ಸರಕು 100 ರೂಪಾಯಿ ಬಾಳುತ್ತದೆ. ಇನ್ನೊಬ್ಬ ಸಾಧಾರಣ ಬಳಕೆದಾರ, ಅವನಿಗೆ ಅದು 50 ರೂಪಾಯಿಯಷ್ಟೇ. ಈಗ ಅಗ್ಗದ ಸರಕೊಂದು ಬಂದಿತು. ಅದು ಸಾಧಾರಣ ಬಳಕೆದಾರನಿಗೆ 40, ಭಾರೀ ಬಳಕೆದಾರನಿಗೆ 70 ರೂಪಾಯಿ ಬಾಳುತ್ತದೆ. ಅದಕ್ಕೆ 40 ರೂಪಾಯಿ ಬೆಲೆ ಇಟ್ಟರೆ ಭಾರೀ ಬಳಕೆದಾರ ಏನು ಮಾಡುತ್ತಾನೆ? 70ರ ವಸ್ತು 40ಕ್ಕೆ ಸಿಕ್ಕರೆ ಅವನಿಗೆ 30 ರೂಪಾಯಿ ಉಳಿತಾಯ. ಅವನು ದುಬಾರಿಯದನ್ನೇ ಕೊಳ್ಳಬೇಕಾದರೆ ಅಲ್ಲಿಯೂ ಅಷ್ಟೇ ಉಳಿಯಬೇಕು. ಅಂದರೆ ನಿನ್ನೆಯವರೆಗೆ 100ಕ್ಕೆ ಮಾರಬಹುದಾಗಿದ್ದ ಸರಕನ್ನು ಇಂದು 70ಕ್ಕಿಂತ ಹೆಚ್ಚಿಗೆ ಮಾರಲಾಗದು. ಅಗ್ಗದ ಬ್ರ್ಯಾಂಡು ಮೇಲಿನದನ್ನು ಕೆಳಗೆಳೆಯುವುದು ಹೀಗೆ.

ಈಗ ಅಗ್ಗದ ಸರಕಿನಲ್ಲಿ ಭಾರೀ ಬಳಕೆದಾರನಿಗೆ ತೀರಾ ಬೇಕಾದ, ಸಾಧಾರಣ ಬಳಕೆದಾರ ಗಮನಿಸದೇ ಹೋಗುವ ಒಂದು ಗುಣವನ್ನು ಕಡಿಮೆ ಮಾಡೋಣ. ಅದರ ಮೌಲ್ಯ ಭಾರೀ ಬಳಕೆದಾರನ ಪಾಲಿಗೆ 70ರಿಂದ 45ಕ್ಕೆ ಕುಸಿಯಿತು, ಸಾಧಾರಣ ಬಳಕೆದಾರನ ಪಾಲಿಗೆ 40ರಿಂದ 38ಕ್ಕೆ ಮಾತ್ರ ಇಳಿಯಿತು ಎನ್ನೋಣ. 38ಕ್ಕೆ ಮಾರಿದರೆ ಭಾರೀ ಬಳಕೆದಾರನಿಗೆ ಅಲ್ಲಿ ಉಳಿಯುವುದು 7 ರೂಪಾಯಿ. ಹಾಗಾಗಿ ದುಬಾರಿ ಸರಕನ್ನು 93ರವರೆಗೆ ಮಾರಬಹುದು. ಕೆಳಗೆ 2 ರೂಪಾಯಿ ಬಿಟ್ಟುಕೊಟ್ಟದ್ದಕ್ಕೆ ಮೇಲೆ 23 ರೂಪಾಯಿ ಉಳಿಯಿತು. ಸರಿಯಾದ ಜಾಗದಲ್ಲಿ ಹಾಕಿದ ಬೇಲಿ ಎಂದರೆ ಇದು.

ತಪ್ಪು ಜಾಗದಲ್ಲಿ ಹಾಕಿದರೆ? ಕಡಿಮೆ ಮಾಡಿದ ಗುಣ ಸಾಧಾರಣ ಬಳಕೆದಾರನಿಗೇ ಹೆಚ್ಚು ಬೇಕಾದದ್ದಾಗಿದ್ದು, ಅವನಿಗೆ ಸರಕು 20 ರೂಪಾಯಿ, ಭಾರೀ ಬಳಕೆದಾರನಿಗೆ ಇನ್ನೂ 65 ರೂಪಾಯಿ ಬಾಳುತ್ತಿದ್ದರೆ, ಅದನ್ನು 20ಕ್ಕೇ ಮಾರಬೇಕಾಗುತ್ತದೆ. ಆಗ ಭಾರೀ ಬಳಕೆದಾರನಿಗೆ ಅಲ್ಲಿ 45 ರೂಪಾಯಿ ಉಳಿತಾಯ, ದುಬಾರಿ ಸರಕಿನ ಬೆಲೆ 55ಕ್ಕೆ ಇಳಿಯುತ್ತದೆ. ಸರಕನ್ನು ಕೆಡಿಸಿದ್ದಕ್ಕೆ ಕೆಳಗೂ ನಷ್ಟ, ಮೇಲೂ ನಷ್ಟ.

ಈ ಬೇಲಿಯ ವಿಚಾರ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ದ್ಯುಪ್ವಿ 1849ರಲ್ಲೇ ಇದನ್ನು ರೈಲಿನಲ್ಲಿ ಗುರುತಿಸಿದ್ದ. ಮೂರನೇ ದರ್ಜೆಯ ಬೋಗಿಗೆ ಸೂರಿಲ್ಲದೆ ಬಿಟ್ಟದ್ದು ಖರ್ಚು ಉಳಿಸಲಿಕ್ಕಲ್ಲ, ಎರಡನೇ ದರ್ಜೆಯ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಿರಲಿ ಎಂದು, ಎಂಬುದು ಅವನ ವಾದ. 1990ರಲ್ಲಿ ಐಬಿಎಂ ತಂದ ಅಗ್ಗದ ಲೇಸರ್ ಪ್ರಿಂಟರ್ ನಿಮಿಷಕ್ಕೆ 5 ಪುಟ ಮುದ್ರಿಸುತ್ತಿತ್ತು, ದುಬಾರಿಯದು 10 ಪುಟ. ಯಂತ್ರ ಹೆಚ್ಚುಕಡಿಮೆ ಒಂದೇ. ಅಗ್ಗದ್ದನ್ನು ನಿಧಾನ ಮಾಡಲೆಂದೇ ಒಳಗೆ ವ್ಯವಸ್ಥೆ ಮಾಡಲಾಗಿತ್ತು. ಬೇಕೆಂದೇ ಗುಣ ಕುಗ್ಗಿಸಿದ ಇಂಥ ಸರಕುಗಳ ಬಗ್ಗೆ 1996ರಲ್ಲಿ ರೇಮಂಡ್ ಡೆನೆಕೆರೆ ಮತ್ತು ಪ್ರೆಸ್ಟನ್ ಮ್ಯಾಕಫಿ ಎಂಬ ಅರ್ಥಶಾಸ್ತ್ರಜ್ಞರು ಬರೆದಿದ್ದಾರೆ. ಕೆಲವು ಸಂದರ್ಭಗಳಲ್ಲಿ ಇದರಿಂದ ಕೊಳ್ಳುವವರಿಗೂ ಒಳ್ಳೆಯದಾಗಬಹುದು ಎಂದು ಅವರು ತೋರಿಸಿದರು. ಕೇಳಿದರೆ ಮನಸ್ಸು ಒಪ್ಪುವುದಿಲ್ಲ ನಿಜ. ಆದರೆ ಈ ಅಗ್ಗದ ಸರಕು ಇಲ್ಲದಿದ್ದರೆ ಸಾಧಾರಣ ಗಿರಾಕಿಗೆ ಏನೂ ಸಿಗುತ್ತಲೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಇಂಟೆಲ್ ಬೇಲಿ ಹಾಕಿದ್ದು ಎಲ್ಲಿ? ಪೆಂಟಿಯಂ 2ರಲ್ಲಿ ಪ್ರೊಸೆಸರಿನ ಜೊತೆಗೆ 512 ಕಿಲೋಬೈಟಿನ ಎರಡನೇ ಹಂತದ ಕ್ಯಾಶ್ ಇರುತ್ತಿತ್ತು. ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ವೇಗದ ಮೆಮೊರಿ ಇದು. ಮೊದಲ ಸೆಲೆರಾನ್‌ನಿಂದ ಅದನ್ನು ಪೂರ್ತಿ ತೆಗೆದುಹಾಕಿದರು. ಆ ಚಿಪ್ಪುಗಳ ಖರ್ಚು ಉಳಿಯಿತು, ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಬಂತು. ಪತ್ರ ಟೈಪ್ ಮಾಡುವ, ಲೆಕ್ಕದ ಹಾಳೆ ತೆರೆಯುವ ಸಾಧಾರಣ ಕಚೇರಿ ಕೆಲಸಕ್ಕೆ ಈ ಕ್ಯಾಶ್ ಬಹಳ ಮುಖ್ಯ. ಅದಿಲ್ಲದ ಸೆಲೆರಾನ್ ಅಲ್ಲೇ ಏದುಸಿರು ಬಿಟ್ಟಿತು, ವಿಮರ್ಶಕರು ಕಟುವಾಗಿ ಬರೆದರು. ಆದರೆ ಆ ಕಾಲದ ಮೂರು ಆಯಾಮದ ಆಟಗಳು ಕ್ಯಾಶ್‌ಗಿಂತ ಗಣಿತದ ಘಟಕವನ್ನು ಹೆಚ್ಚು ನೆಚ್ಚಿಕೊಂಡಿದ್ದವು, ಆ ಘಟಕ ಪೆಂಟಿಯಂ 2ರದ್ದೇ ಆಗಿತ್ತು. ಹಾಗಾಗಿ ಅಗ್ಗದ ಚಿಪ್ಪು ಯಾರಿಗಾಗಿ ಬಂದಿತ್ತೋ ಅವರಿಗೆ ಬೇಡವಾಯಿತು, ಯಾರನ್ನು ದೂರವಿಡಬೇಕಿತ್ತೋ ಆ ಆಟದ ಉತ್ಸಾಹಿಗಳಿಗೆ ಹಿಡಿಸಿತು. ನಮ್ಮ ಲೆಕ್ಕದ ಮೂರನೇ ಸಂದರ್ಭ ಇದೇ.

ಆಗಸ್ಟ್‌ನಲ್ಲಿ ಇಂಟೆಲ್ ತಿದ್ದಿಕೊಂಡಿತು. ಹೊಸ ಸೆಲೆರಾನ್ 300ಎ ಒಳಗೆ 128 ಕಿಲೋಬೈಟ್ ಕ್ಯಾಶ್ ಬಂತು. ಗಾತ್ರ ಪೆಂಟಿಯಂ 2ರದರ ನಾಲ್ಕರಲ್ಲಿ ಒಂದು ಪಾಲು. ಆದರೆ ಪೆಂಟಿಯಂ 2ರ ಕ್ಯಾಶ್ ಪ್ರೊಸೆಸರಿನ ಅರ್ಧ ವೇಗದಲ್ಲಿ ಓಡುತ್ತಿದ್ದರೆ, ಇದು ಪ್ರೊಸೆಸರಿನ ಒಳಗೇ ಇದ್ದು ಪೂರ್ಣ ವೇಗದಲ್ಲಿ ಓಡುತ್ತಿತ್ತು. ಹಲವು ಕೆಲಸಗಳಲ್ಲಿ ಈ ಅಗ್ಗದ ಚಿಪ್ಪು ಅಷ್ಟೇ ವೇಗದ ಪೆಂಟಿಯಂಗೆ ಸರಿಸಮನಾಗಿ ನಿಂತಿತು. ಉಳಿದ ಬೇಲಿ ಮುಖ್ಯವಾಗಿ ಬಸ್ ವೇಗದ್ದು. ಮದರ್‌ಬೋರ್ಡ್ ಮತ್ತು ಪ್ರೊಸೆಸರಿನ ನಡುವಿನ ಈ ದಾರಿ ಸೆಲೆರಾನ್‌ಗೆ 66 ಮೆಗಾಹರ್ಟ್ಸ್, ಮೇಲ್ದರ್ಜೆಯ ಪೆಂಟಿಯಂ 2ಕ್ಕೆ 100. ಪ್ರೊಸೆಸರಿನ ವೇಗವೆಂದರೆ ಬಸ್ ವೇಗವನ್ನು ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದ್ದು, 300ಎಗೆ ಆ ಸಂಖ್ಯೆ 4.5. ಉತ್ಸಾಹಿಗಳು ಮದರ್‌ಬೋರ್ಡಿನಲ್ಲಿ ಬಸ್ ವೇಗವನ್ನು 100ಕ್ಕೆ ಏರಿಸಿದರು. ಕೆಲವರು ಬಿ21 ಎಂಬ ಪಿನ್ನಿನ ಮೇಲೆ ಟೇಪ್ ಅಂಟಿಸಿ, ಇದು 100ರ ಬಸ್ಸಿನ ಚಿಪ್ಪೆಂದು ಬೋರ್ಡನ್ನೇ ನಂಬಿಸಿದರು. 4.5ರಿಂದ 100ನ್ನು ಗುಣಿಸಿದರೆ 450. ಆ ದಿನಗಳ ಅತಿ ವೇಗದ ಪೆಂಟಿಯಂ 2ರ ವೇಗವೂ ಅದೇ! ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿದ್ದ ಎರಡು ಚಿಪ್ಪುಗಳು ಒಂದೇ ಸಾಲಿನಲ್ಲಿ ನಿಂತವು.

ಹಾಗಾದರೆ ಪೆಂಟಿಯಂ ಮುಳುಗಿತೇ? ಇಲ್ಲ. ಇದಕ್ಕೆ ಕಾರಣ ಚಿಪ್ಪಿನ ಹೊರಗಿತ್ತು. ಹೆಚ್ಚಿನವರು ಚಿಪ್ಪನ್ನು ಬಿಡಿಯಾಗಿ ಕೊಳ್ಳುವುದಿಲ್ಲ, ಕಂಪನಿ ಜೋಡಿಸಿ ವಾರಂಟಿ ಕೊಟ್ಟ ಕಂಪ್ಯೂಟರ್ ಕೊಳ್ಳುತ್ತಾರೆ. ನೂರಾರು ಯಂತ್ರ ಕೊಳ್ಳುವ ಕಚೇರಿ ಪಿನ್ನಿಗೆ ಟೇಪ್ ಅಂಟಿಸುವುದಿಲ್ಲ. ಜಾಹೀರಾತಿನಲ್ಲಿ ಎಲ್ಲರಿಗೂ ಕಾಣುವ ಮೆಗಾಹರ್ಟ್ಸ್ ಸಂಖ್ಯೆಯಲ್ಲಿ ಸೆಲೆರಾನ್ ಹಿಂದೆಯೇ ಇತ್ತು. ಹೆಸರೂ ನೆರವಾಯಿತು. ಪೆಂಟಿಯಂ ಎಂಬುದನ್ನು ಅಗ್ಗದ ಚಿಪ್ಪಿಗೆ ಅಂಟಿಸದಿದ್ದುದರಿಂದ, ಏಪ್ರಿಲ್‌ನ ಕಟು ವಿಮರ್ಶೆಗಳು ಹೆಚ್ಚಾಗಿ ಸೆಲೆರಾನ್ ಮೇಲೇ ಬಿದ್ದವು. ಇಂಟೆಲ್ ಆಮೇಲೆ ಮಾಡಿದ್ದೇ ನನ್ನ ಪ್ರಕಾರ ಹೆಚ್ಚು ಜಾಣತನದ್ದು. ಅದು ಸೆಲೆರಾನನ್ನು ಮತ್ತೆ ಕ್ಯಾಶ್ ಇಲ್ಲದ ಸ್ಥಿತಿಗೆ ತಳ್ಳಲಿಲ್ಲ. 1999ರ ಫೆಬ್ರುವರಿಯಲ್ಲಿ ಹೊಸ ಗಣಿತ ಆದೇಶಗಳಿದ್ದ ಪೆಂಟಿಯಂ 3 ಬಂತು, ಅದೇ ವರ್ಷ ಅದರ ಬಸ್ 133ಕ್ಕೆ ಏರಿತು. ಸೆಲೆರಾನ್‌ನ ಬಸ್ 66ರಲ್ಲೇ ನಿಂತು 100 ತಲುಪಿದ್ದು 2001ರಲ್ಲಿ. ಮೇಲಿನದನ್ನು ಇನ್ನೂ ಮೇಲಕ್ಕೆ ಒಯ್ದು ಅಂತರ ಕಾಯ್ದುಕೊಂಡರು.

ಬೇಲಿ ನಿಂತಿದೆಯೋ ಇಲ್ಲವೋ ಎಂದು ತಿಳಿಯಲು ಅಗ್ಗದ ಸರಕಿನ ಮಾರಾಟವನ್ನಷ್ಟೇ ನೋಡಿದರೆ ಮೋಸಹೋಗುತ್ತೇವೆ. ದುಬಾರಿ ಸರಕಿನ ಪ್ರತಿ ಮಾರಾಟದಲ್ಲಿ 400 ರೂಪಾಯಿ, ಅಗ್ಗದ್ದರಲ್ಲಿ 80 ರೂಪಾಯಿ ಉಳಿಯುತ್ತದೆ ಎನ್ನೋಣ. 80ನ್ನು 400ರಿಂದ ಭಾಗಿಸಿದರೆ ಐದರಲ್ಲಿ ಒಂದು. ಅಂದರೆ ಅಗ್ಗದ್ದನ್ನು ಕೊಂಡ 100 ಜನರಲ್ಲಿ 20ಕ್ಕಿಂತ ಹೆಚ್ಚು ಮಂದಿ ಮೇಲಿನಿಂದ ಇಳಿದವರಾಗಿದ್ದರೆ ಮಾರಾಟ ಹೆಚ್ಚಿದಷ್ಟೂ ನಷ್ಟ. ಇಲ್ಲೊಂದು ಸೂಕ್ಷ್ಮವಿದೆ. 35 ಮಂದಿ ಮೇಲಿನಿಂದ ಇಳಿದರು, ಆದರೆ ಅವರಲ್ಲಿ 20 ಮಂದಿ ಹೇಗಿದ್ದರೂ ಎದುರಾಳಿಯ ಕಡೆಗೆ ಹೋಗುವವರೇ ಆಗಿದ್ದರು ಎಂದರೆ, ನಿಜವಾದ ನಷ್ಟ 15 ಮಂದಿಯದು ಮಾತ್ರ. 15 ಗಿರಾಕಿಗಳಿಂದ ಹೋದದ್ದು 6,000, ನೂರು ಅಗ್ಗದ ಮಾರಾಟದಿಂದ ಬಂದದ್ದು 8,000. ಯೋಜನೆ ಲಾಭದಲ್ಲೇ ಇದೆ.

ಆದರೆ "ಅವರು ಹೇಗಿದ್ದರೂ ಹೋಗುವವರೇ" ಎಂಬ ಮಾತು ಯೋಜನೆ ರೂಪಿಸಿದವರಿಗೆ ಬಹಳ ಅನುಕೂಲದ ಮಾತು. ಅದನ್ನು ಅಳೆಯದೆ ನಂಬಬಾರದು. ಅಗ್ಗದ ಬ್ರ್ಯಾಂಡನ್ನು ಮೊದಲು ಕೆಲವು ಪ್ರದೇಶಗಳಲ್ಲಿ ಮಾತ್ರ ಬಿಟ್ಟು, ಅವನ್ನೇ ಹೋಲುವ ಬೇರೆ ಪ್ರದೇಶಗಳಲ್ಲಿ ತಡೆಹಿಡಿದು, ಎರಡೂ ಕಡೆ ದುಬಾರಿ ಸರಕಿನ ಮಾರಾಟ ಹೇಗೆ ಬದಲಾಯಿತೆಂದು ಹೋಲಿಸುವುದು ನಂಬಬಹುದಾದ ದಾರಿ. ಅದಾಗದಿದ್ದರೆ, ಇದು ಸಿಗದಿದ್ದರೆ ಏನು ಕೊಳ್ಳುತ್ತಿದ್ದಿರಿ ಎಂದು ಕೊಂಡವರನ್ನೇ ಕೇಳಬೇಕು. ಹೆಸರಿಗೆ ಪೆಟ್ಟು ಬಿದ್ದಿದೆಯೇ ಎಂಬುದು ಮಾರಾಟದ ಸಂಖ್ಯೆಗಿಂತ ಮೊದಲು ರಿಯಾಯಿತಿಯಲ್ಲಿ ಕಾಣಿಸಿಕೊಳ್ಳುತ್ತದೆ. ದುಬಾರಿ ಸರಕು ಒಟ್ಟು ಅಷ್ಟೇ ಮಾರಾಟವಾಗುತ್ತಿದ್ದರೂ ಅದರಲ್ಲಿ ರಿಯಾಯಿತಿಗೆ ಹೋದ ಪಾಲು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, ಪೂರ್ಣ ಬೆಲೆಗೆ ಕಾರಣ ಕಾಣದವರು ಹೆಚ್ಚುತ್ತಿದ್ದಾರೆಂದೇ ಅರ್ಥ. ದುಬಾರಿ ಸಾಲಿನ ಅತ್ಯಂತ ಕೆಳಗಿನ ಮಾದರಿಯಲ್ಲಿ ಇದು ಮೊದಲು ಶುರುವಾಗುತ್ತದೆ, ಏಕೆಂದರೆ ಅಗ್ಗದ್ದಕ್ಕೆ ಅತಿ ಹತ್ತಿರ ಇರುವುದು ಅದೇ.

ಇಂಟೆಲ್ ಆಯ್ದ ದಾರಿಗೂ ಒಂದು ಮಿತಿಯಿತ್ತು. ಮೇಲಿನದನ್ನು ಏರಿಸುತ್ತಲೇ ಇರಲು ಹೊಸ ತಂತ್ರಜ್ಞಾನ ಕೈಯಲ್ಲಿರಬೇಕು, ಸರಕು ಅಷ್ಟು ಬೇಗ ಬದಲಾಗದ ಉದ್ಯಮಗಳಿಗೆ ಆ ಸೌಕರ್ಯವಿಲ್ಲ. 2006ರಲ್ಲಿ ಇಂಟೆಲ್ ಕೋರ್ 2 ಎಂಬ ಹೆಸರನ್ನು ಮೇಲೆ ಕೂರಿಸಿತು. ಮರುವರ್ಷ ಪೆಂಟಿಯಂ ಹೆಸರು ಕೋರ್ ಮತ್ತು ಸೆಲೆರಾನ್ ನಡುವಿನ ಅಗ್ಗದ ಚಿಪ್ಪುಗಳ ಮೇಲೆ ಕಾಣಿಸಿಕೊಂಡಿತು. ಕಾಯಬೇಕಾದ ಹೆಸರು ಆಗ ಬೇರೆಯಾಗಿತ್ತು. 2022ರಲ್ಲಿ ಕಂಪನಿಯು ಲ್ಯಾಪ್‌ಟಾಪ್‌ಗಳಲ್ಲಿ ಪೆಂಟಿಯಂ, ಸೆಲೆರಾನ್ ಎರಡೂ ಹೆಸರುಗಳನ್ನು ಒಟ್ಟಿಗೇ ಕೈಬಿಡುವುದಾಗಿ ಪ್ರಕಟಿಸಿತು.